ದಸರೆಯ ದೀರ್ಘ ರಜೆ: ಸಂಬಳ ವಿಭಾಗದ ಕೆಲಸ ನಿಲ್ಲದಂತೆ ಏಳು ದಿನ ಹೊಂದಿಸಿದ ಬಗೆ

ಪೀಣ್ಯದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಇನ್ನೂರಕ್ಕೂ ಹೆಚ್ಚು ಜನರ ಹಾಜರಿ, ಸಂಬಳ, ಪಿಎಫ್ ಮತ್ತು ಇಎಸ್ಐ ಕೆಲಸಗಳನ್ನು ನಾನು ನೋಡಿಕೊಳ್ಳುತ್ತೇನೆ. ಈ ವಿಭಾಗದಲ್ಲಿ ಇರುವವಳು ನಾನೊಬ್ಬಳೇ. ಹಬ್ಬದ ರಜೆಗೆ ನಾಲ್ಕು ದಿನ ಸೇರಿಸಿ ಊರಿಗೆ ಹೋಗಿಬರುವುದು ಉಳಿದ ವಿಭಾಗದವರಿಗೆ ಒಂದು ಅರ್ಜಿಯ ಕೆಲಸವಾದರೆ, ಸಂಬಳ ಮಾಡುವವರಿಗೆ ಹಬ್ಬದ ಹೊತ್ತೇ ಕೆಲಸದ ಒತ್ತಡದ ಹೊತ್ತು. ಬೋನಸ್ ಆಯುಧಪೂಜೆಗೆ ಮೊದಲು ಕೈಸೇರಬೇಕು, ಸಂಬಳ ಹಬ್ಬದ ಖರ್ಚಿಗೆ ಒದಗಬೇಕು, ಅದರ ಬೆನ್ನಿಗೇ ಸರ್ಕಾರಕ್ಕೆ ಕಟ್ಟಬೇಕಾದ ಹಣದ ಗಡುವುಗಳು ಬರುತ್ತವೆ. 2025ರ ದಸರೆಯಲ್ಲಿ ಮಕ್ಕಳೊಂದಿಗೆ ಸಾಗರದ ತವರುಮನೆಯಲ್ಲಿ ಒಂದು ವಾರ ಇದ್ದು ಬರುವುದೆಂದು ನಿಶ್ಚಯಿಸಿದಾಗ, ಅದಕ್ಕಾಗಿ ಆಗಸ್ಟ್ ತಿಂಗಳಿನಿಂದಲೇ ಮಾಡಿಕೊಂಡ ಏರ್ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ವರ್ಷ ಮಹಾನವಮಿ ಮತ್ತು ಆಯುಧಪೂಜೆ ಅಕ್ಟೋಬರ್ 1ರ ಬುಧವಾರ ಬಂದಿದ್ದವು. ಮರುದಿನ ಗುರುವಾರ ವಿಜಯದಶಮಿ. ಗಾಂಧಿ ಜಯಂತಿಯೂ ಅದೇ ದಿನ. ಎರಡು ರಜೆಗಳು ಒಂದರ ಮೇಲೊಂದು ಬಿದ್ದಿದ್ದರಿಂದ ಹಬ್ಬದ ಸಾಲಿನಲ್ಲಿ ಒಂದು ದಿನ ಕಡಿಮೆಯಾದಂತಾಗಿತ್ತು. ನಮ್ಮ ಕಾರ್ಖಾನೆಗೆ ಭಾನುವಾರ ಮಾತ್ರ ವಾರದ ರಜೆ, ಶನಿವಾರ ಕೆಲಸ ಇರುತ್ತದೆ. ಅಕ್ಟೋಬರ್ 7ರ ವಾಲ್ಮೀಕಿ ಜಯಂತಿ ಸರ್ಕಾರಿ ಕಚೇರಿಗಳಿಗೆ ರಜೆಯಾದರೂ ನಮ್ಮ ಪಟ್ಟಿಯಲ್ಲಿಲ್ಲ. ಕರ್ನಾಟಕದ ಕಾರ್ಖಾನೆಗಳಿಗೆ ಅನ್ವಯಿಸುವ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಂತೆ ಕೆಲವು ರಜೆಗಳು ಕಡ್ಡಾಯ, ಉಳಿದ ಹಬ್ಬದ ರಜೆಗಳನ್ನು ಆಯಾ ಸಂಸ್ಥೆಯ ಮಟ್ಟದಲ್ಲಿ ಗೊತ್ತುಪಡಿಸಿಕೊಳ್ಳಲಾಗುತ್ತದೆ. ಆದ್ದರಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪಕ್ಷರದಲ್ಲಿರುವ ದಿನಗಳನ್ನೆಲ್ಲ ಲೆಕ್ಕಕ್ಕೆ ಹಿಡಿಯದೆ, ಸೂಚನಾ ಫಲಕದಲ್ಲಿ ಹಾಕಿರುವ ನಮ್ಮದೇ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತೆ.

ಆ ಪಟ್ಟಿಯ ಪ್ರಕಾರ ಎರಡು ದಾರಿಗಳು ಕಂಡವು. ಸೆಪ್ಟೆಂಬರ್ 29, 30 ಮತ್ತು ಅಕ್ಟೋಬರ್ 3, 4ಕ್ಕೆ ರಜೆ ಹಾಕಿದರೆ, ಎರಡು ಕಡೆಯ ಭಾನುವಾರಗಳೂ ನಡುವಿನ ಎರಡು ಹಬ್ಬದ ದಿನಗಳೂ ಸೇರಿ ಸೆಪ್ಟೆಂಬರ್ 28ರಿಂದ ಅಕ್ಟೋಬರ್ 5ರವರೆಗೆ ಎಂಟು ದಿನ ಸಿಗುತ್ತಿದ್ದವು. ಹಬ್ಬದಿಂದಲೇ ಆರಂಭಿಸಿ ಅಕ್ಟೋಬರ್ 3, 4, 6 ಮತ್ತು 7ಕ್ಕೆ ರಜೆ ಹಾಕಿದರೆ, ಅದೇ ನಾಲ್ಕು ದಿನಗಳ ಖರ್ಚಿಗೆ ಅಕ್ಟೋಬರ್ 1ರಿಂದ 7ರವರೆಗೆ ಏಳೇ ದಿನ. ಕ್ಯಾಲೆಂಡರ್ ಒಂದನ್ನೇ ನೋಡಿದರೆ ಮೊದಲನೆಯದೇ ಲಾಭ. ನಾನು ಎರಡನೆಯದನ್ನು ಆರಿಸಿಕೊಂಡೆ. ನನ್ನ ಕೆಲಸದ ದಿನಾಂಕಗಳನ್ನು ರಜೆಯ ದಿನಾಂಕಗಳ ಪಕ್ಕದಲ್ಲಿ ಬರೆದಾಗ ಅದರ ಕಾರಣ ತಾನಾಗಿಯೇ ಸ್ಪಷ್ಟವಾಯಿತು.

ನಮ್ಮಲ್ಲಿ ಹಾಜರಿಯ ಲೆಕ್ಕ ಹಿಂದಿನ ತಿಂಗಳ 26ರಿಂದ ಈ ತಿಂಗಳ 25ರವರೆಗೆ. 25ಕ್ಕೆ ಹಾಜರಿ ಮುಚ್ಚಿ, ಪಂಚ್ ತಪ್ಪಿದವರ ತಿದ್ದುಪಡಿ ಮತ್ತು ಓಟಿ ಗಂಟೆಗಳನ್ನು ಸೇರಿಸಿ, ತಿಂಗಳ ಕೊನೆಯ ದಿನ ಸಂಬಳ ಹಾಕುತ್ತೇವೆ. ಸಾವಿರಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಯಲ್ಲಿ ವೇತನ ಪಾವತಿಗೆ ಮುಂದಿನ ತಿಂಗಳ 7ರವರೆಗೆ ಆಗಿನ ಕಾನೂನಿನಲ್ಲಿ ಅವಕಾಶವಿದ್ದರೂ, ಹಬ್ಬದ ಮುನ್ನಾದಿನ ಸಂಬಳ ಬಾರದಿದ್ದರೆ ಆ ಅವಕಾಶವನ್ನು ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಹೀಗಾಗಿ ಸೆಪ್ಟೆಂಬರ್ 29 ಮತ್ತು 30 ನಾನು ಕುರ್ಚಿಯಲ್ಲಿ ಇರಲೇಬೇಕಾದ ದಿನಗಳು. ಅಕ್ಟೋಬರ್ ಮೊದಲ ವಾರದಲ್ಲಾದರೋ ನನ್ನ ಪಾಲಿಗೆ ಇದ್ದದ್ದು ಒಂದೇ ಗಡುವು: ಸಂಬಳದಲ್ಲಿ ಕಡಿತ ಮಾಡಿದ ಆದಾಯ ತೆರಿಗೆಯನ್ನು, ಅಂದರೆ ಟಿಡಿಎಸ್ ಅನ್ನು, 7ರೊಳಗೆ ಕಟ್ಟುವುದು. ಸಂಬಳ ಅಂತಿಮವಾದ ದಿನವೇ ಆ ಚಲನ್ ಕಟ್ಟಲು ಯಾವ ಅಡ್ಡಿಯೂ ಇಲ್ಲ. ಪಿಎಫ್ ಮತ್ತು ಇಎಸ್ಐ ವಂತಿಗೆಯ ಗಡುವು 15; 8ಕ್ಕೆ ಹಿಂತಿರುಗಿದರೆ ಕೈಯಲ್ಲಿ ಒಂದು ವಾರವಿರುತ್ತದೆ. ವೃತ್ತಿ ತೆರಿಗೆ ಅದಕ್ಕೂ ಆಮೇಲೆ, ತ್ರೈಮಾಸಿಕ ಟಿಡಿಎಸ್ ವಿವರಪಟ್ಟಿ ತಿಂಗಳ ಕೊನೆಗೆ. ಒಂದು ದಿನ ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ, ಇನ್ನೊಬ್ಬರ ಹೆಗಲಿಗೆ ಹೊರಿಸಬೇಕಾದ ಕೆಲಸದ ಬಹುಪಾಲು ಇಲ್ಲದಂತಾಯಿತು.

ಇನ್ನೊಂದು ಕಾರಣ ನನ್ನ ಬದಲಿ ಕೆಲಸ ನೋಡಿಕೊಳ್ಳಬಹುದಾದ ಏಕೈಕ ವ್ಯಕ್ತಿಗೆ ಸಂಬಂಧಿಸಿದ್ದು. ಲೆಕ್ಕಪತ್ರ ವಿಭಾಗದ ಆ ಸಹೋದ್ಯೋಗಿಗೆ ಸೆಪ್ಟೆಂಬರ್ 30 ತೆರಿಗೆ ಲೆಕ್ಕಪರಿಶೋಧನಾ ವರದಿಯ ಗಡುವಾಗಿತ್ತು. ಅದನ್ನು ಅಕ್ಟೋಬರ್ 31ಕ್ಕೆ ಮುಂದೂಡಿದ ಪ್ರಕಟಣೆ ಹೊರಬಿದ್ದದ್ದು ಸೆಪ್ಟೆಂಬರ್ 25ರಂದು. ಅಷ್ಟು ಹೊತ್ತಿಗೆ ನನ್ನ ರಜೆ ಮಂಜೂರಾಗಿ ಬಸ್ಸಿನ ಸೀಟೂ ಆಗಿಹೋಗಿತ್ತು. ಗಡುವು ವಿಸ್ತರಣೆಯಾದರೂ ಆಗಬಹುದೆಂಬ ನಿರೀಕ್ಷೆಯ ಮೇಲೆ ಯಾರೂ ರಜೆ ಯೋಜಿಸಲು ಸಾಧ್ಯವಿಲ್ಲ. ನಮ್ಮ ಬದಲಿಗೆ ನಿಲ್ಲುವವರ ಅತಿ ಒತ್ತಡದ ದಿನ ಯಾವುದೆಂದು ಕೇಳಿ ತಿಳಿದು, ಆ ದಿನವನ್ನು ಬಿಟ್ಟು ರಜೆ ಹಾಕುವುದು ಸೌಜನ್ಯ ಮಾತ್ರವಲ್ಲ. ಆ ದಿನ ಅವರಿಂದ ನಮ್ಮ ಕೆಲಸ ಆಗುವುದೂ ಇಲ್ಲ.

ದಿನಗಳು ನಿಶ್ಚಯವಾದ ಮೇಲೆ ಯಾವ ರಜೆ ಹಾಕಬೇಕೆಂಬ ಪ್ರಶ್ನೆ. ನಮ್ಮ ಸಂಸ್ಥೆಯ ನಿಯಮದಲ್ಲಿ ಸಾಂದರ್ಭಿಕ ರಜೆಯನ್ನು ಒಂದೇ ಸಲಕ್ಕೆ ಮೂರು ದಿನಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಜೊತೆಗೆ ಅದರ ನಡುವೆ ಬರುವ ಭಾನುವಾರವೂ ರಜೆಯ ಖಾತೆಗೇ ಖರ್ಚು ಬೀಳುತ್ತದೆ. ಎಲ್ಲರೂ ಸ್ಯಾಂಡ್‌ವಿಚ್ ರಜೆ ಎಂದು ಕರೆಯುವ ಲೆಕ್ಕ ಇದೇ. 3, 4ಕ್ಕೂ 6, 7ಕ್ಕೂ ಸಾಂದರ್ಭಿಕ ರಜೆ ಹಾಕಿದ್ದರೆ ನಡುವಿನ 5ರ ಭಾನುವಾರವೂ ಸೇರಿ ಐದು ದಿನ ಹೋಗುತ್ತಿತ್ತು, ಅರ್ಜಿಯೂ ತಿರಸ್ಕೃತವಾಗುತ್ತಿತ್ತು. ಗಳಿಕೆ ರಜೆಯ ಮಾತು ಬೇರೆ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 79ನೇ ವಿಧಿಯಲ್ಲಿ, ವೇತನಸಹಿತ ವಾರ್ಷಿಕ ರಜೆಯ ಆದಿಯಲ್ಲಿ, ಅಂತ್ಯದಲ್ಲಿ ಅಥವಾ ನಡುವೆ ಬರುವ ರಜಾದಿನಗಳನ್ನು ಆ ರಜೆಯಲ್ಲಿ ಎಣಿಸಬಾರದೆಂದು ಸ್ಪಷ್ಟವಾಗಿತ್ತು. ನಮ್ಮಲ್ಲಿ ಕಾರ್ಖಾನೆಯವರಿಗೂ ಕಚೇರಿಯವರಿಗೂ ಒಂದೇ ನಿಯಮ ಅನ್ವಯಿಸುವುದರಿಂದ ನಾಲ್ಕು ದಿನಕ್ಕೆ ನಾಲ್ಕೇ ಗಳಿಕೆ ರಜೆ ಸಾಕಾಯಿತು. ಅದೇ ವಿಧಿಯಲ್ಲಿ ರಜೆ ಆರಂಭವಾಗುವ ಹದಿನೈದು ದಿನ ಮೊದಲು ಅರ್ಜಿ ಕೊಡಬೇಕೆಂದೂ ವರ್ಷದಲ್ಲಿ ಮೂರು ಬಾರಿಗಿಂತ ಹೆಚ್ಚು ಸಲ ಇಂಥ ರಜೆಯನ್ನು ಬಿಡಿಬಿಡಿಯಾಗಿ ತೆಗೆದುಕೊಳ್ಳುವಂತಿಲ್ಲವೆಂದೂ ಇತ್ತು. ಈ ಕೊನೆಯ ಮಿತಿಯನ್ನು ಅನೇಕರು ಗಮನಿಸುತ್ತಿರಲಿಲ್ಲ. ಯುಗಾದಿಗೊಂದು ದಿನ, ಗೌರಿಗಣೇಶಕ್ಕೊಂದು ದಿನ ಎಂದು ಗಳಿಕೆ ರಜೆಯನ್ನೇ ಹಾಕುತ್ತಾ ಬಂದವರಿಗೆ ದಸರೆಯ ಹೊತ್ತಿಗೆ ದಿನಗಳು ಉಳಿದಿದ್ದರೂ ಸರದಿ ಮುಗಿದಿರುತ್ತಿತ್ತು.

ಇಷ್ಟೆಲ್ಲ ಕಾಗದದ ಮೇಲೆ ಮುಗಿಯಿತು. ನಿಜವಾದ ಶ್ರಮ ಬದಲಿ ವ್ಯವಸ್ಥೆಯದು. ನನ್ನ ಕೆಲಸಗಳನ್ನು ಬರೆದು ಮೂರು ಗುಂಪು ಮಾಡಿದೆ: ಹೋಗುವ ಮೊದಲೇ ಮುಗಿಸಬಹುದಾದವು, ನಾನು ಬರುವವರೆಗೆ ಕಾಯಬಲ್ಲವು, ಮತ್ತು ಆ ಏಳು ದಿನಗಳಲ್ಲಿಯೇ ಬೇರೆಯವರು ಮಾಡಲೇಬೇಕಾದವು. ಮೂರನೆಯ ಗುಂಪಿನಲ್ಲಿ ಕೊನೆಗೆ ಉಳಿದದ್ದು ಸ್ವಲ್ಪವೇ. ಬ್ಯಾಂಕಿನಿಂದ ಹಿಂತಿರುಗಿದ ಸಂಬಳವನ್ನು ಮತ್ತೆ ಹಾಕುವುದು, ಹೊಸದಾಗಿ ಸೇರಿದವರನ್ನು ಇಎಸ್ಐಗೆ ನೋಂದಾಯಿಸುವುದು, ಕೆಲಸದ ಸ್ಥಳದಲ್ಲಿ ಅಪಘಾತವಾದರೆ ಇಎಸ್ಐಗೆ ವರದಿ ಸಲ್ಲಿಸುವುದು, ಹಬ್ಬದ ಎರಡು ದಿನ ಕೆಲಸಕ್ಕೆ ಬಂದವರ ಹೆಸರನ್ನು ಆಯಾ ದಿನವೇ ದಾಖಲಿಸುವುದು. ಕೊನೆಯದು ಸಣ್ಣದೆನಿಸಬಹುದು. ಆದರೆ ಹಬ್ಬದ ರಜೆಯ ದಿನ ದುಡಿದವರಿಗೆ ಎರಡು ಪಟ್ಟು ವೇತನ, ಇಲ್ಲವೇ ಆ ದಿನದ ವೇತನದೊಂದಿಗೆ ಬದಲಿ ರಜೆ ಕೊಡಬೇಕು. ವಾರ ಕಳೆದ ಮೇಲೆ ಕೇಳಿದರೆ ಯಾರು ಪೂಜೆಗೆ ಬಂದವರು, ಯಾರು ಕಂಪ್ರೆಸರ್ ನೋಡಿಕೊಳ್ಳಲು ಬಂದವರು ಎಂಬುದು ಯಾರಿಗೂ ನೆನಪಿರುವುದಿಲ್ಲ, ಪಂಚಿಂಗ್ ಯಂತ್ರಕ್ಕಂತೂ ಆ ವ್ಯತ್ಯಾಸ ಗೊತ್ತೇ ಇಲ್ಲ.

ಸಹೋದ್ಯೋಗಿಯನ್ನು ಕೇಳಿದಾಗ ಅವರು ಒಂದೇ ಷರತ್ತು ಹಾಕಿದರು. “ದಸರೆಗೆ ನೀವು ಹೋಗಿಬನ್ನಿ ಮೇಡಂ, ದೀಪಾವಳಿಗೆ ಮಾತ್ರ ನನ್ನನ್ನು ಬಿಟ್ಟುಬಿಡಬೇಕು.” ಇದನ್ನು ಬಾಯಿಮಾತಿನಲ್ಲಿ ಬಿಡದೆ ಇಬ್ಬರ ರಜೆ ಅರ್ಜಿಗಳನ್ನೂ ಒಟ್ಟಿಗೆ ವ್ಯವಸ್ಥಾಪಕರ ಮುಂದಿಟ್ಟೆವು. ಯಾರ ಬದಲಿಗೆ ಯಾರು ಎಂಬುದು ಅರ್ಜಿಯಲ್ಲೇ ಇದ್ದುದರಿಂದ ಅವರು ಪ್ರಶ್ನೆ ಕೇಳದೆ ಸಹಿ ಹಾಕಿದರು.

ತೊಡಕು ಕಂಡದ್ದು ಬ್ಯಾಂಕಿನ ವಿಷಯದಲ್ಲಿ. ಸಂಸ್ಥೆಯ ಖಾತೆಯಿಂದ ಹಣ ಕಳುಹಿಸಲು ಇಬ್ಬರು ಬೇಕು. ಒಬ್ಬರು ಪಾವತಿಯನ್ನು ನಮೂದಿಸುವ ಮೇಕರ್, ಇನ್ನೊಬ್ಬರು ಅದನ್ನು ಪರಿಶೀಲಿಸಿ ಬಿಡುಗಡೆ ಮಾಡುವ ಚೆಕರ್. ನಮ್ಮಲ್ಲಿ ನಾನು ಮೇಕರ್, ಆ ಸಹೋದ್ಯೋಗಿ ಚೆಕರ್. ನನ್ನ ಬದಲಿಗೆ ಅವರೇ ನಮೂದಿಸಿದರೆ ಪರಿಶೀಲಿಸುವವರು ಯಾರು? ಇಂಥ ಸಂದರ್ಭದಲ್ಲಿ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು, ಬಂದ ಓಟಿಪಿಯನ್ನು ಫೋನಿನಲ್ಲಿ ಹೇಳುವ ರೂಢಿ ಬಹಳ ಕಡೆ ಇದೆ. ಹಾಗೆ ಮಾಡಿದರೆ ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬರೇ ಮಾಡಿದಂತಾಗುತ್ತದೆ. ನಾಳೆ ಹಣದಲ್ಲಿ ವ್ಯತ್ಯಾಸ ಬಂದರೆ ಊರಿನಲ್ಲಿ ಕುಳಿತಿದ್ದವಳ ಹೆಸರಿನಲ್ಲಿ ಪಾವತಿ ದಾಖಲಾಗಿರುತ್ತದೆ, ಮಾಡಿದವರನ್ನೂ ಮಾಡದವರನ್ನೂ ಕಾಪಾಡುವ ದಾಖಲೆ ಇರುವುದಿಲ್ಲ. ಹೊಸ ಬಳಕೆದಾರರನ್ನು ಸೇರಿಸಲು ಬ್ಯಾಂಕ್ ನಿರ್ದೇಶಕರ ಮಂಡಳಿಯ ನಿರ್ಣಯದ ಪ್ರತಿ, ಅರ್ಜಿ, ಗುರುತಿನ ದಾಖಲೆಗಳನ್ನು ಕೇಳಿತು. ಸಹೋದ್ಯೋಗಿಗೆ ಮೇಕರ್ ಹಕ್ಕನ್ನೂ ಉತ್ಪಾದನಾ ವ್ಯವಸ್ಥಾಪಕರಿಗೆ ಸಣ್ಣ ಮೊತ್ತದ ಮಿತಿಯೊಳಗೆ ಚೆಕರ್ ಹಕ್ಕನ್ನೂ ಕೊಡುವ ಆ ಪ್ರಕ್ರಿಯೆಗೆ ವಾರಗಳೇ ಹಿಡಿದವು. ಆಗಸ್ಟಿನಲ್ಲಿ ಶುರುಮಾಡಿದ್ದರಿಂದ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಮುಗಿಯಿತು. ದೀರ್ಘ ರಜೆಯ ತಯಾರಿಯಲ್ಲಿ ಎಲ್ಲಕ್ಕಿಂತ ಮೊದಲು ಕೈಹಾಕಬೇಕಾದದ್ದು ಇಂಥ ಅನುಮತಿಗಳಿಗೆ, ಏಕೆಂದರೆ ಇವುಗಳ ವೇಗ ನಮ್ಮ ಕೈಯಲ್ಲಿಲ್ಲ. ಪಿಎಫ್ ಕೆಲಸಕ್ಕೆ ಬಳಸುವ ಡಿಜಿಟಲ್ ಸಹಿಯ ಟೋಕನ್ ಆ ಏಳು ದಿನಗಳಲ್ಲಿ ಬೇಕಾಗಿರಲಿಲ್ಲ. ಅದು ನಿರ್ದೇಶಕರ ಕಪಾಟಿನಲ್ಲಿಯೇ ಉಳಿಯಿತು.

ಹಕ್ಕು ಬಂದ ಮೇಲೆ ಒಂದು ಅಭ್ಯಾಸ ಮಾಡಿದೆವು. ಬೋನಸ್ ಪಾವತಿಯಲ್ಲಿ ಖಾತೆ ಸಂಖ್ಯೆ ತಪ್ಪಿ ಹಿಂತಿರುಗಿದ ಒಂದು ಮೊತ್ತ ಸಿಕ್ಕಿತು. ಅದನ್ನು ಸಹೋದ್ಯೋಗಿಯೇ ನಮೂದಿಸಿದರು, ಉತ್ಪಾದನಾ ವ್ಯವಸ್ಥಾಪಕರು ಬಿಡುಗಡೆ ಮಾಡಿದರು, ನಾನು ಪಕ್ಕದಲ್ಲಿ ಕುಳಿತು ಕೀಬೋರ್ಡ್ ಮುಟ್ಟದೆ ನೋಡಿದೆ. ನಾನು ಬರೆದಿದ್ದ ಸೂಚನೆಯಲ್ಲಿ ‘ಹಿಂತಿರುಗಿದ ಪಾವತಿಯನ್ನು ಪರಿಶೀಲಿಸಿ’ ಎಂದಷ್ಟೇ ಇತ್ತು. ಅವರು ಅಲ್ಲಿಯೇ ನಿಂತು, ಯಾವುದರ ಜೊತೆ ಹೋಲಿಸಿ ಪರಿಶೀಲಿಸಬೇಕೆಂದು ಕೇಳಿದರು. ಆ ಸಾಲನ್ನು ಆಗಲೇ ವಿಸ್ತರಿಸಿದೆ: ಕಾರ್ಮಿಕರಿಂದ ಪಾಸ್‌ಬುಕ್‌ನ ಮೊದಲ ಪುಟ ಅಥವಾ ರದ್ದು ಮಾಡಿದ ಚೆಕ್ ತರಿಸಿಕೊಳ್ಳಬೇಕು, ಅದರಲ್ಲಿರುವ ಹೆಸರು, ಖಾತೆ ಸಂಖ್ಯೆ ಮತ್ತು ಐಎಫ್ಎಸ್ ಕೋಡನ್ನು ನಮ್ಮ ದಾಖಲೆಯೊಂದಿಗೆ ಹೋಲಿಸಬೇಕು, ಬಾಯಲ್ಲಿ ಹೇಳಿದ ಸಂಖ್ಯೆಯನ್ನು ಸ್ವೀಕರಿಸಬಾರದು. ಬರೆದವರಿಗೆ ಪೂರ್ಣವಾಗಿ ಕಾಣುವ ಸೂಚನೆ ಮಾಡುವವರಿಗೆ ಎಲ್ಲಿ ಕಡಿದುಹೋಗುತ್ತದೆ ಎಂಬುದು ಓದಿಸಿದರೆ ತಿಳಿಯುವುದಿಲ್ಲ, ಅವರ ಕೈಯಿಂದ ಮಾಡಿಸಿದರೆ ಮಾತ್ರ ತಿಳಿಯುತ್ತದೆ.

ಹೊರಡುವ ಮೊದಲಿನ ವಾರದಲ್ಲಿ ಶಾಪ್ ಫ್ಲೋರಿನ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಒಂದು ಪ್ರಕಟಣೆ ಹಾಕಿದೆ. ಸಂಬಳ ಪತ್ರ, ವೇತನ ಪ್ರಮಾಣಪತ್ರ, ಪಿಎಫ್ ಮುಂಗಡದ ವಿಚಾರಣೆ ಬೇಕಾದವರು 26ರೊಳಗೆ ಬರಬೇಕು, ಅಕ್ಟೋಬರ್ 1ರಿಂದ 7ರವರೆಗೆ ತುರ್ತು ವಿಷಯಕ್ಕೆ ಯಾರನ್ನು ಕಾಣಬೇಕು ಎಂಬುದಷ್ಟೇ ಅದರಲ್ಲಿತ್ತು. ಇಮೇಲಿನ ಸ್ವಯಂ ಉತ್ತರವನ್ನು ಓದುವವರು ನಮ್ಮಲ್ಲಿ ಕೆಲವರೇ; ನನ್ನನ್ನು ಹುಡುಕಿಕೊಂಡು ಬರುವವರಲ್ಲಿ ಹೆಚ್ಚಿನವರು ಊಟದ ವಿರಾಮದಲ್ಲಿ ಬಾಗಿಲಿಗೆ ಬಂದು ನಿಲ್ಲುವವರು. ಆ ವರ್ಷ ಸೆಪ್ಟೆಂಬರ್ 22ರಿಂದ ಸಣ್ಣ ಬೈಕುಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿತ್ತು. ಆಯುಧಪೂಜೆಗೆ ಹೊಸ ಗಾಡಿ ಮನೆಗೆ ತರಬೇಕೆಂದು ಸಾಲಕ್ಕೆ ಅರ್ಜಿ ಹಾಕಿದವರೆಲ್ಲ ಮೂರು ತಿಂಗಳ ಸಂಬಳ ಪತ್ರಕ್ಕಾಗಿ ಸಾಲುಗಟ್ಟಿದರು. ಆ ಪ್ರಕಟಣೆ ಇಲ್ಲದಿದ್ದರೆ ಅವರಲ್ಲಿ ಅರ್ಧದಷ್ಟು ಜನ ಹಬ್ಬದ ಮರುದಿನ ಸಹೋದ್ಯೋಗಿಯ ಮುಂದೆ ನಿಂತಿರುತ್ತಿದ್ದರು.

ಬೋನಸ್ಸನ್ನು ಸಂಬಳದೊಂದಿಗೆ ಸೇರಿಸದೆ ಹತ್ತು ದಿನ ಮೊದಲೇ ಹಾಕಿದ್ದರಿಂದ ಕೊನೆಯ ವಾರ ಹಗುರವಾಗಿತ್ತು. 25ಕ್ಕೆ ಹಾಜರಿ ಮುಚ್ಚಿತು. 27 ನಾಲ್ಕನೆಯ ಶನಿವಾರವಾದ್ದರಿಂದ ಬ್ಯಾಂಕ್ ಶಾಖೆಗೆ ರಜೆ. ನೆಫ್ಟ್ ಎಲ್ಲ ದಿನವೂ ನಡೆಯುತ್ತದೆಯಾದರೂ ಏನಾದರೂ ಸಿಕ್ಕಿಕೊಂಡರೆ ವಿಚಾರಿಸಲು ಶಾಖೆ ತೆರೆದಿರಲಿ ಎಂದು ಸಂಬಳದ ಕಡತವನ್ನು 29ಕ್ಕೆ ಏರಿಸಿ, 30ರ ಬೆಳಿಗ್ಗೆ ಬಿಡುಗಡೆ ಮಾಡಿಸಿದೆವು. ಮಧ್ಯಾಹ್ನ ಟಿಡಿಎಸ್ ಚಲನ್ ಕಟ್ಟಿಯಾಯಿತು. ಮರುದಿನ ಬೆಳಿಗ್ಗೆ ಯಂತ್ರಗಳ ಪೂಜೆಗೆ ಬಂದು, ಬೂದುಗುಂಬಳ ಒಡೆದು ಕಡಲೆಪುರಿ ಹಂಚುವವರೆಗೆ ಇದ್ದು, ರಾತ್ರಿಯ ಬಸ್ಸಿಗೆ ಹೊರಟೆ.

ಸಾಗರದಲ್ಲಿದ್ದಾಗ ಕಚೇರಿಯಿಂದ ಕರೆ ಬಂದದ್ದು ಒಂದೇ ವಿಷಯಕ್ಕೆ. ಶನಿವಾರ ಪ್ರೆಸ್ ಶಾಪಿನಲ್ಲಿ ಒಬ್ಬರ ಬೆರಳಿಗೆ ಪೆಟ್ಟಾಗಿ ಇಎಸ್ಐ ಆಸ್ಪತ್ರೆಗೆ ಕರೆದೊಯ್ದಿದ್ದರು, ಗಾಯ ಆಳವಾಗಿರಲಿಲ್ಲ. ಅಪಘಾತ ವರದಿಯನ್ನು ತುಂಬಲು ಬೇಕಾದ ವಿಮಾ ಸಂಖ್ಯೆ, ಅಪಘಾತದ ಹೊತ್ತು, ಸಾಕ್ಷಿಗಳ ಹೆಸರು, ಮಾಡುತ್ತಿದ್ದ ಕೆಲಸ ಎಲ್ಲವನ್ನೂ ನನ್ನ ಹಾಳೆಯಲ್ಲಿದ್ದ ಕ್ರಮದಂತೆಯೇ ಸಹೋದ್ಯೋಗಿ ಸಂಗ್ರಹಿಸಿದ್ದರು. ಆದರೆ ಪಾಳಿ ಹೊಂದುತ್ತಿರಲಿಲ್ಲ. ಪಾಳಿ ಪಟ್ಟಿಯ ಪ್ರಕಾರ ಆ ವ್ಯಕ್ತಿ ಎರಡನೆಯ ಪಾಳಿಯವರು, ಪೆಟ್ಟಾದದ್ದು ಬೆಳಿಗ್ಗೆ ಹತ್ತರ ಸುಮಾರಿಗೆ. “ಪಟ್ಟಿ ನಂಬಬೇಕೋ ಪಂಚಿಂಗ್ ನಂಬಬೇಕೋ ಮೇಡಂ?” ಎಂಬುದು ಅವರ ಪ್ರಶ್ನೆ. ಹಬ್ಬದ ವಾರದಲ್ಲಿ ಕಾರ್ಮಿಕರು ಮೇಲ್ವಿಚಾರಕರಿಗೆ ಹೇಳಿ ತಮ್ಮೊಳಗೆ ಪಾಳಿ ಬದಲಿಸಿಕೊಳ್ಳುವುದುಂಟು, ಅದು ಪಟ್ಟಿಗೆ ಏರುವುದು ತಿಂಗಳ ಕೊನೆಯ ತಿದ್ದುಪಡಿಯಲ್ಲಿ. ಪಂಚಿಂಗ್‌ನಲ್ಲಿರುವ ಒಳಬಂದ ಸಮಯವನ್ನೇ ವರದಿಯಲ್ಲಿ ಬರೆಯಬೇಕು, ಪಾಳಿ ಬದಲಾವಣೆಗೆ ಮೇಲ್ವಿಚಾರಕರಿಂದ ಅಂದೇ ಲಿಖಿತ ಟಿಪ್ಪಣಿ ಪಡೆದು ಕಡತಕ್ಕೆ ಸೇರಿಸಬೇಕು ಎಂದು ಹೇಳಿದೆ. ವರದಿ ಅದೇ ಮಧ್ಯಾಹ್ನ ಸಲ್ಲಿಕೆಯಾಯಿತು. ಪಾಳಿಯ ವಿವರ ಹೊಂದದಿದ್ದರೆ ಆತ ಆ ಹೊತ್ತಿನಲ್ಲಿ ಕೆಲಸದ ಮೇಲೆ ಇದ್ದನೇ ಎಂಬ ಪ್ರಶ್ನೆ ಏಳುತ್ತದೆ, ಗಾಯಗೊಂಡವನಿಗೆ ಸಿಗಬೇಕಾದ ಪರಿಹಾರ ತಡವಾಗುತ್ತದೆ. ಬದಲಿ ವ್ಯವಸ್ಥೆ ಸರಿಯಾಗಿರಬೇಕೆಂದು ನಾನು ಇಷ್ಟು ಒತ್ತಿ ಹೇಳುವುದು ಇಂಥವರ ಸಲುವಾಗಿ. ರಜೆ ನನ್ನದು, ಅದರ ಬೆಲೆಯನ್ನು ಅವರು ತೆರಬಾರದು.

ಹಿಂತಿರುಗುವ ದಿನವೇ, ಅಂದರೆ ಅಕ್ಟೋಬರ್ 7ರಂದು, ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಕೆಲಸಕ್ಕಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು 18ರವರೆಗೆ ವಿಸ್ತರಿಸಿದ ಸುದ್ದಿ ಬಂತು. ನನ್ನ ಮಕ್ಕಳು ಅನುದಾನಿತ ಶಾಲೆಯವರು. ಇನ್ನೆರಡು ದಿನ ಉಳಿಯಬಾರದೇ ಎಂದು ಅಮ್ಮ ಕೇಳಿದರು. ಆದರೆ ನನ್ನ ಹಾಳೆಯಲ್ಲಿ ‘ಕಾಯಬಲ್ಲವು’ ಎಂದು ಬರೆದಿದ್ದ ಕೆಲಸಗಳೆಲ್ಲ 8ನೇ ತಾರೀಖನ್ನು ನಂಬಿ ಕಾಯುತ್ತಿದ್ದವು. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಗಂಡ ಹೆಂಡತಿ ನಾವಿಬ್ಬರೇ ರಾತ್ರಿಯ ಬಸ್ಸು ಹತ್ತಿದೆವು.

8ರ ಬೆಳಿಗ್ಗೆ ಇಮೇಲ್ ತೆರೆಯುವ ಮೊದಲು ಸಹೋದ್ಯೋಗಿ ಬರೆದಿಟ್ಟಿದ್ದ ದಿನಚರಿಯನ್ನು ಅವರೊಂದಿಗೆ ಕುಳಿತು ಓದಿದೆ. ಹಿಂತಿರುಗಿದ ಒಂದು ಸಂಬಳವನ್ನು 3ರಂದೇ ಮತ್ತೆ ಹಾಕಲಾಗಿತ್ತು. ಹೊಸದಾಗಿ ಸೇರಿದ ಸಹಾಯಕರೊಬ್ಬರ ಇಎಸ್ಐ ನೋಂದಣಿ ಸೇರಿದ ದಿನವೇ ಆಗಿತ್ತು. ಅದಕ್ಕೆ ಹತ್ತು ದಿನಗಳ ಅವಕಾಶವಿದ್ದರೂ, ಮೊದಲ ದಿನವೇ ಪೆಟ್ಟಾಗಬಹುದಾದ ಕೆಲಸದಲ್ಲಿ ಆ ಅವಕಾಶವನ್ನು ಬಳಸಬಾರದೆಂದು ನಾನು ಬರೆದಿದ್ದೆ. ಹಬ್ಬದ ದಿನ ದುಡಿದ ಕಾವಲುಗಾರರ ಮತ್ತು ನಿರ್ವಹಣಾ ವಿಭಾಗದವರ ಹೆಸರುಗಳು ಅವರವರ ಸಹಿಯೊಂದಿಗೆ ಇದ್ದವು. ಮಧ್ಯಾಹ್ನದ ಹೊತ್ತಿಗೆ ನಾನು ಪಿಎಫ್ ಲೆಕ್ಕದ ಕಡತ ತೆರೆದು ಕುಳಿತಿದ್ದೆ.

ದೀಪಾವಳಿಯಲ್ಲಿ ನರಕ ಚತುರ್ದಶಿ 20ರ ಸೋಮವಾರ, ಬಲಿಪಾಡ್ಯಮಿ 22ರ ಬುಧವಾರ. ನಡುವಿನ 21ರ ಒಂದು ದಿನಕ್ಕೆ ರಜೆ ಹಾಕಿದರೆ ಹಿಂದಿನ ಭಾನುವಾರವೂ ಸೇರಿ ನಾಲ್ಕು ದಿನ ಸಿಗುವುದರಿಂದ ಸಹೋದ್ಯೋಗಿ ಅದನ್ನೇ ತೆಗೆದುಕೊಂಡರು. ಅವರ ಕೆಲಸದ ಹಾಳೆಯನ್ನು ಅದೇ ಮೂರು ಗುಂಪುಗಳಲ್ಲಿ ಅವರೇ ಬರೆದುಕೊಟ್ಟರು, ಬದಲಿ ಕುರ್ಚಿಯಲ್ಲಿ ಈ ಬಾರಿ ನಾನು ಕುಳಿತೆ. ಅಷ್ಟರಲ್ಲಿ ಮೇಲ್ವಿಚಾರಕರ ಪುಸ್ತಕದಲ್ಲಿ ಪಾಳಿ ಬದಲಾವಣೆಗೆ ಒಂದು ಅಂಕಣ ಸೇರಿಸಿಯಾಗಿತ್ತು. ಬದಲಿಸಿಕೊಂಡ ಇಬ್ಬರೂ ಕೆಲಸ ಆರಂಭಿಸುವ ಮೊದಲು ಅದರಲ್ಲಿ ಸಹಿ ಹಾಕುತ್ತಾರೆ, ಅದರ ಚಿತ್ರ ಸಂಜೆಯೊಳಗೆ ನಮ್ಮ ವಿಭಾಗಕ್ಕೆ ಬರುತ್ತದೆ.